ಕೆಲಸ ಹಿಡಿಸಿದೆ, ಆದರೆ ಈಗ ಆಗಲ್ಲ: ರಿಕ್ರೂಟರ್‌ಗೆ ಏನಂತ ಬರೆಯಲಿ?

ಲ್ಯಾಬ್ ಹುಡುಗಿ
ಎಲ್ಲರಿಗೂ ನಮಸ್ಕಾರ. ಸೇಡಂ ಕಡೆ ಒಂದು ಸಿಮೆಂಟ್ ಫ್ಯಾಕ್ಟರಿಯ ಕ್ವಾಲಿಟಿ ಲ್ಯಾಬ್‌ನಲ್ಲಿದ್ದೇನೆ. ಕಿಲ್ನ್‌ನಿಂದ ಕ್ಲಿಂಕರ್ ಸ್ಯಾಂಪಲ್, ಅಂದರೆ ಅರೆದು ಸಿಮೆಂಟ್ ಮಾಡುವ ಸುಟ್ಟ ಗಟ್ಟಿ, ಬರುತ್ತೆ, ಪುಡಿ ಮಾಡಿ, ಬಿಲ್ಲೆ ಒತ್ತಿ, ಯಾವ ಅಂಶ ಎಷ್ಟಿದೆ ಅಂತ ಅಳೆಯುವ ಎಕ್ಸ್‌ಆರ್‌ಎಫ್ ಮಷಿನ್‌ಗೆ ಇಟ್ಟು, ಫ್ರೀ ಲೈಮ್ ನೋಡಿ ಕಂಟ್ರೋಲ್ ರೂಮಿಗೆ ಫೋನ್ ಮಾಡುವುದು. ದಿನಾ ಇದೇ. ಕೆಲಸ ಕೆಟ್ಟದ್ದೇನಲ್ಲ, ಆದರೆ ಹೊಸದೇನೂ ಕಲಿಯುತ್ತಿಲ್ಲ.

ಮೊನ್ನೆ ಲಿಂಕ್ಡ್‌ಇನ್‌ನಲ್ಲಿ ಒಬ್ಬರು ರಿಕ್ರೂಟರ್ ಮೆಸೇಜ್ ಹಾಕಿದ್ದಾರೆ. ಹೈದರಾಬಾದಿನ ಒಂದು ರಿಸರ್ಚ್ ಲ್ಯಾಬ್. ಕ್ಲಿಂಕರ್ ಕಡಿಮೆ ಮಾಡಿ, ಸುಟ್ಟ ಜೇಡಿಮಣ್ಣು ಮತ್ತು ಸುಣ್ಣಕಲ್ಲು ಸೇರಿಸಿ ಸಿಮೆಂಟ್ ಮಾಡುತ್ತಾರಲ್ಲ, ಎಲ್‌ಸಿ3 ಅಂತ, ಅದರ ಮಿಶ್ರಣ ಪರೀಕ್ಷೆ ಮಾಡುವ ಕೆಲಸ. ಓದಿದ ಕೂಡಲೇ ಇದು ನನ್ನದೇ ಅನಿಸಿತು.

ಆದರೆ ಈಗ ಬಿಡಲು ಆಗಲ್ಲ. ವರ್ಷದ ಬೋನಸ್ ಏಪ್ರಿಲ್ ಸಂಬಳದ ಜೊತೆ ಬರಬೇಕು. ಜುಲೈಗೆ ಐದು ವರ್ಷ ತುಂಬುತ್ತೆ, ಗ್ರ್ಯಾಚುಟಿ ಇದೆ. ಮೇ ತಿಂಗಳಲ್ಲಿ ಮನೆಯಲ್ಲಿ ಮದುವೆ. ನಾನು ಬರೆದಿಟ್ಟಿರುವುದು ಇಷ್ಟು: "ಮೆಸೇಜ್‌ಗೆ ಥ್ಯಾಂಕ್ಸ್. ಸದ್ಯಕ್ಕೆ ಬದಲಾಯಿಸುವ ಯೋಚನೆ ಇಲ್ಲ. ಮುಂದೆ ಅವಕಾಶ ಇದ್ದರೆ ನನ್ನನ್ನು ನೆನಪಿಡಿ." ಇನ್ನೂ ಕಳಿಸಿಲ್ಲ. ಹೀಗೇ ಕಳಿಸಲಾ?

ತೊಗರಿಬೇಳೆ
ಉತ್ತರಾನೇ ಬೇಡ. ಒಂದೇ ಮೆಸೇಜ್ ಇನ್ನೂರು ಜನಕ್ಕೆ ಹಾಕಿರುತ್ತಾರೆ.

ಬಿಸಿಲೂರು
ಈಗ ಆಗಲ್ಲ ಅಂತ ಯಾಕೆ ಹೇಳುತ್ತೀರಿ? ಇಂಟರ್‌ವ್ಯೂ ಕೊಡಿ. ಆಫರ್ ಬಂದರೆ ನಿಮ್ಮ ಮ್ಯಾನೇಜರ್‌ಗೆ ತೋರಿಸಿ ಸಂಬಳ ಜಾಸ್ತಿ ಮಾಡಿಸಿಕೊಳ್ಳಿ. ಎಲ್ಲರೂ ಮಾಡುವುದೇ ಇದು.

ಶಹಾಬಾದ್ ಕಲ್ಲು
ಅಭಿನಂದನೆಗಳು ತಂಗಿ! ಆಫರ್ ಬಂದ ಮೇಲೆ ಸೇರಲ್ಲ ಅನ್ನುವುದಕ್ಕೆ ಲೆಟರ್ ಹೀಗೆ ಬರೆಯಬೇಕು: ಮೊದಲು ಆಫರ್ ನಂಬರ್, ತಾರೀಕು, ಆಮೇಲೆ "ವೈಯಕ್ತಿಕ ಕಾರಣಗಳಿಂದ"…

ಲ್ಯಾಬ್ ಹುಡುಗಿ
ಅಣ್ಣಾ, ಆಫರ್ ಬಂದಿಲ್ಲ. ಬರೀ ಮೆಸೇಜ್ ಬಂದಿದೆ. 🙂

ಶಹಾಬಾದ್ ಕಲ್ಲು
ಓ. ಹಾಗಾದರೆ ಲೆಟರ್ ಇಟ್ಟುಕೊಂಡಿರಿ, ಮುಂದೆ ಬೇಕಾಗಬಹುದು.

ಬೀದರಿನ ನೇಮಕಾತಿ
ನಾನು ಬೀದರಿನವಳು. ಹೈದರಾಬಾದಿನಲ್ಲಿ ಇದೇ ಕೆಲಸ ಮಾಡುತ್ತೇನೆ. ಮೊದಲು ಕನ್ಸಲ್ಟೆನ್ಸಿಯಲ್ಲಿದ್ದೆ, ಈಗ ಒಂದು ಕಂಪನಿಯ ಒಳಗೇ ಇದ್ದೇನೆ. ನಿಮ್ಮ ಮೆಸೇಜ್ ನನಗೆ ಬಂದಿದ್ದರೆ ಏನಾಗುತ್ತಿತ್ತು ಅಂತ ಹೇಳುತ್ತೇನೆ.

ನನ್ನ ಹತ್ತಿರ ಒಂದು ಶೀಟ್ ಇರುತ್ತೆ. ಹೆಸರು, ಈಗಿನ ಸಂಬಳ, ಎಷ್ಟು ಕೇಳುತ್ತಾರೆ, ನೋಟಿಸ್ ಎಷ್ಟು ದಿನ, ಬೇಗ ಅಂದರೆ ಯಾವಾಗ ಸೇರಬಹುದು, ಕೊನೆಗೆ ಷರಾ. "ನೆನಪಿಡಿ" ಅಂತ ಬರೆದವರು ಷರಾ ಕಾಲಮ್ಮಿಗೆ ಹೋಗುತ್ತಾರೆ. ಆ ಕಾಲಂ ಮತ್ತೆ ಯಾರೂ ಓದಲ್ಲ. ಮುಂದಿನ ಸಲ ಇದೇ ಥರದ ಹುದ್ದೆ ಬಂದರೆ ನಾನು ತಾರೀಕಿನ ಕಾಲಮ್ಮಿಗೆ ಫಿಲ್ಟರ್ ಹಾಕುತ್ತೇನೆ. ಅಲ್ಲಿ ನಿಮ್ಮದು ಖಾಲಿ ಇದ್ದರೆ ನೀವು ಪಟ್ಟಿಯಲ್ಲೇ ಕಾಣಲ್ಲ. ನೀವು ತುಂಬ ಮರ್ಯಾದೆಯಿಂದ ಬರೆದಿದ್ದೀರಿ, ಆದರೆ ನಾನು ಹಿಡಿದುಕೊಳ್ಳುವಂಥದ್ದು ಅದರಲ್ಲಿ ಏನೂ ಇಲ್ಲ.

ಇನ್ನೊಂದು ವಿಷಯ. "ಬದಲಾಯಿಸುವ ಯೋಚನೆ ಇಲ್ಲ" ಅನ್ನುವುದು ಸುಳ್ಳು ಅಲ್ವಾ? ಯೋಚನೆ ಇದೆ, ತಾರೀಕು ಕೂಡುತ್ತಿಲ್ಲ, ಅಷ್ಟೇ. ಆ ಎರಡನ್ನೂ ಒಂದೇ ವಾಕ್ಯದಲ್ಲಿ ಹಾಕಿದರೆ ರಿಕ್ರೂಟರ್‌ಗೆ ಮೊದಲನೆಯದು ಮಾತ್ರ ಕೇಳಿಸುತ್ತೆ.

ತೊಗರಿಬೇಳೆ ಅವರೇ, ಇನ್ನೂರು ಜನಕ್ಕೆ ಹಾಕುತ್ತೇವೆ, ನಿಜ. ಆದರೆ ಇನ್‌ಮೇಲ್‌ಗೆ, ಅಂದರೆ ಲಿಂಕ್ಡ್‌ಇನ್‌ನಲ್ಲಿ ಪರಿಚಯ ಇಲ್ಲದವರಿಗೆ ನಾವು ಕ್ರೆಡಿಟ್ ಖರ್ಚು ಮಾಡಿ ಕಳಿಸುವ ಮೆಸೇಜ್‌ಗೆ, ಲೆಕ್ಕ ಇದೆ. 90 ದಿನದ ಒಳಗೆ ಉತ್ತರ ಬಂದರೆ, ಅದು ಬೇಡ ಅನ್ನುವ ಉತ್ತರ ಆದರೂ, ಆ ಕ್ರೆಡಿಟ್ ನಮಗೆ ವಾಪಸ್ ಬರುತ್ತೆ. ಉತ್ತರ ಕೊಡದವರಿಂದಲೇ ನಮಗೆ ಲುಕ್ಸಾನು.

ತೊಗರಿಬೇಳೆ
ನಿಮ್ಮ ಲುಕ್ಸಾನಿಗೆ ನಾವು ಉತ್ತರ ಬರೆಯಬೇಕಾ ಅಕ್ಕ? 😄

ಬೀದರಿನ ನೇಮಕಾತಿ
ಬೇಡ. ನಿಮ್ಮ ಲಾಭಕ್ಕೆ ಬರೆಯಿರಿ. ನನ್ನದನ್ನು ಸುಮ್ನೆ ಹೇಳಿದೆ.

ಲ್ಯಾಬ್ ಹುಡುಗಿ, ಎರಡು ಪ್ರಶ್ನೆ. ಮೆಸೇಜ್ ಹಾಕಿದವರು ಆ ಕಂಪನಿಯವರೇನಾ, ಕನ್ಸಲ್ಟೆನ್ಸಿಯವರಾ? ನಿಮ್ಮ ನೋಟಿಸ್ ಎಷ್ಟು ದಿನ?

ಲ್ಯಾಬ್ ಹುಡುಗಿ
ಪ್ರೊಫೈಲ್ ನೋಡಿದರೆ ಆ ಕಂಪನಿಯ ಎಚ್‌ಆರ್ ಅಂತಲೇ ಇದೆ ಅಕ್ಕ. ನೋಟಿಸ್ 90 ದಿನ. ನಾನು ಸೇರಿದ್ದು 2021ರ ಜುಲೈ 19. ಬೋನಸ್ ಏಪ್ರಿಲ್ 30ಕ್ಕೆ ಖಾತೆಗೆ ಬೀಳುತ್ತೆ. ರಾಜೀನಾಮೆ ಕೊಟ್ಟವರಿಗೆ ಬೋನಸ್ ಇಲ್ಲ ಅಂತ ಲೆಟರ್‌ನಲ್ಲೇ ಬರೆದಿದ್ದಾರೆ.

ಕಡೇಚೂರು ನೈಟ್ ಶಿಫ್ಟ್
ಗ್ರ್ಯಾಚುಟಿಗೆ ಯಾಕೆ ಕಾಯುತ್ತೀರಿ? ಹೊಸ ಕಾನೂನು ಬಂದಿದೆ, ಒಂದೇ ವರ್ಷ ಸಾಕು. ನಮ್ಮ ಫಾರ್ಮಾ ಕಂಪನಿಯಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಿದ್ದಾರೆ.

ಪಿಎಫ್ ಮಾವ
ತಮ್ಮಾ, ಅರ್ಧ ಸರಿ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಒಂದು ವರ್ಷದ ಮಾತು ಅದರಲ್ಲಿ ಇರುವುದು ನಿಗದಿತ ಅವಧಿಗೆ ಅಂತ ಲೆಟರ್ ಕೊಟ್ಟು ಸೇರಿಸಿಕೊಂಡವರಿಗೆ ಮಾತ್ರ. ಕಾಯಂ ನೌಕರರಿಗೆ ಐದು ವರ್ಷವೇ ಇದೆ. ನಿಮ್ಮ ಕಂಪನಿಯಲ್ಲಿ ಹಾಗೆ ಅವಧಿಯ ಲೆಟರ್ ಇರುವವರು ಇದ್ದರೆ ಅವರಿಗೆ ಸಿಗುತ್ತೆ. ಈ ಹುಡುಗಿ ಕಾಯಂ ಅನಿಸುತ್ತೆ.

ಲ್ಯಾಬ್ ಹುಡುಗಿ
ಹೌದು ಮಾವ, ಕಾಯಂ.

ಕಡೇಚೂರು ನೈಟ್ ಶಿಫ್ಟ್
ಹಾಗಾದರೆ ನಮ್ಮಲ್ಲಿ ಅರ್ಧ ಜನ ಸುಮ್ನೆ ಖುಷಿ ಪಡುತ್ತಿದ್ದಾರೆ.

ಪಿಎಫ್ ಮಾವ
ನಾನು ಫ್ಯಾಕ್ಟರಿ ಪರ್ಸನಲ್ ವಿಭಾಗದಲ್ಲಿದ್ದು ನಿವೃತ್ತಿ ಆದವನು. ಒಂದು ಮಾತು ಹೇಳುತ್ತೇನೆ, ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಗ್ರ್ಯಾಚುಟಿಗೆ ಲೆಕ್ಕ ಇಡುವುದು ರಾಜೀನಾಮೆ ಕೊಟ್ಟ ದಿನ ಅಲ್ಲ, ಕೆಲಸದ ಕೊನೆಯ ದಿನ. ನೋಟಿಸ್‌ನಲ್ಲಿ ದುಡಿದ ದಿನಗಳೂ ಸೇವೆಯೇ. ಅಂದರೆ ಜುಲೈ 18 ದಾಟಿದ ಮೇಲೆ ರಾಜೀನಾಮೆ ಕೊಟ್ಟು, ಆಮೇಲೆ 90 ದಿನ ಎಣಿಸುತ್ತಾ ಕೂರಬೇಕಿಲ್ಲ.

ಏಪ್ರಿಲ್ 30 ಗುರುವಾರ ಬೋನಸ್ ಬರುತ್ತೆ. ಮೇ 1 ಕಾರ್ಮಿಕ ದಿನ, ರಜೆ. ಮೇ 4 ಸೋಮವಾರ ರಾಜೀನಾಮೆ ಕೊಟ್ಟರೆ ಆಗಸ್ಟ್ 2ಕ್ಕೆ 90 ದಿನ. ಅಷ್ಟರಲ್ಲಿ ಐದು ವರ್ಷ ತುಂಬಿ ಹದಿನೈದು ದಿನ ಮೇಲಾಗಿರುತ್ತೆ. ಆಗಸ್ಟ್ 3, ಅದೂ ಸೋಮವಾರ, ಹೊಸ ಕಡೆ ಸೇರಬಹುದು.

ಲ್ಯಾಬ್ ಹುಡುಗಿ
ಅಯ್ಯೋ ಮಾವ, ನಾನು ಅಕ್ಟೋಬರ್ ಅಂದುಕೊಂಡಿದ್ದೆ. ಜುಲೈಯಲ್ಲಿ ಕೊಟ್ಟು ಮೂರು ತಿಂಗಳು ಅಂತ.

ಬೀದರಿನ ನೇಮಕಾತಿ
ಮಾವ, ನೀವು ನನ್ನ ಕೆಲಸ ಅರ್ಧ ಮುಗಿಸಿದಿರಿ. ಈಗ ಉಳಿದದ್ದನ್ನು ನಾನು ಹೇಳುತ್ತೇನೆ.

ಈಗ ಫೆಬ್ರವರಿ ಕೊನೆ. ನೀವು ಇವತ್ತೇ ಹೂಂ ಅಂದರೂ ರೆಸ್ಯೂಮೆ ಮ್ಯಾನೇಜರ್ ಟೇಬಲ್ಲಿಗೆ ಹೋಗಿ ಬರಲು ಒಂದು ವಾರ, ಎರಡು ಇಂಟರ್‌ವ್ಯೂಗೆ ಎರಡು ವಾರ, ಸಂಬಳಕ್ಕೆ ಮೇಲಿನವರ ಸಹಿ ಬಿದ್ದು ಆಫರ್ ಲೆಟರ್ ಬರಲು ಇನ್ನೂ ಎರಡು ವಾರ. ಲ್ಯಾಬ್ ಹುದ್ದೆಗಳು ನಿಧಾನಕ್ಕೇ ನಡೆಯುತ್ತವೆ. ಏಪ್ರಿಲ್ ಮೊದಲ ವಾರ ಅಂತ ಇಟ್ಟುಕೊಳ್ಳಿ. ಸಿಮೆಂಟ್ ಲೈನಿನಲ್ಲಿ ನಿಮ್ಮ ಥರದ ಇನ್ನೊಬ್ಬರಿಗೂ 90 ದಿನದ ನೋಟಿಸ್ ಇದ್ದರೆ ಅವರು ಸೇರುವುದು ಜುಲೈ ಮೊದಲ ವಾರ. ನೀವು ಆಗಸ್ಟ್ 3. ಮಧ್ಯೆ ಇರುವುದು ಒಂದು ತಿಂಗಳು! ಒಂದು ತಿಂಗಳಿಗೋಸ್ಕರ ನೀವು "ಯೋಚನೆ ಇಲ್ಲ" ಅಂತ ಬಾಗಿಲು ಹಾಕಲು ಹೊರಟಿದ್ದಿರಿ.

ಬಿಸಿಲೂರು
ಒಂದು ನಿಮಿಷ ಅಕ್ಕ. ಎಲ್ಲರಿಗೂ 90 ದಿನ ಇರಲ್ಲ. ಈಗಾಗಲೇ ನೋಟಿಸ್‌ನಲ್ಲಿರುವವರು, ಮನೆಯಲ್ಲಿ ಕೂತವರು ಇರುತ್ತಾರೆ. ಅವರು ನಾಳೆಯೇ ಸೇರುತ್ತಾರೆ. ರಿಕ್ರೂಟರ್‌ಗಳು ಅಂಥವರನ್ನೇ ಹುಡುಕುವುದು.

ಬೀದರಿನ ನೇಮಕಾತಿ
ಸೇಲ್ಸ್‌ಗೆ, ಕಾಲ್ ಸೆಂಟರ್‌ಗೆ ಹೌದು. ಕ್ಲಿಂಕರ್ ನೋಡಿ ಗೊತ್ತಿರುವ, ಎಕ್ಸ್‌ಆರ್‌ಎಫ್ ಕೈಯಲ್ಲಿ ಆಡಿಸಿದ, ಹೈದರಾಬಾದಿಗೆ ಬರಲು ಒಪ್ಪುವ ಜನ ನನಗೆ ಅಷ್ಟು ಸುಲಭಕ್ಕೆ ಸಿಗಲ್ಲ. ಆದರೂ ನೀವು ಹೇಳುವುದು ಆಗಬಹುದು. ಅದಕ್ಕೇ ಅವರನ್ನೇ ಕೇಳಬೇಕು: ಈ ಹುದ್ದೆ ಯಾವಾಗಿನೊಳಗೆ ತುಂಬಬೇಕು?

ಹುಮನಾಬಾದ್ ದಾರಿ
ನನ್ನ ಕತೆ ಹೇಳುತ್ತೇನೆ. ಒಂದು ಕನ್ಸಲ್ಟೆನ್ಸಿ ಫೋನ್ ಮಾಡಿತ್ತು. ಈಗ ಆಗಲ್ಲ, ದೀಪಾವಳಿ ಆದ ಮೇಲೆ ನೋಡೋಣ ಅಂದೆ. ಸರಿ, ರೆಸ್ಯೂಮೆ ಕಳಿಸಿಡಿ, ನಮ್ಮ ದಾಖಲೆಗೆ ಅಂದರು. ಕಳಿಸಿದೆ. ದೀಪಾವಳಿ ಆಯಿತು, ಅದೇ ಕಂಪನಿಯ ವೆಬ್‌ಸೈಟ್‌ನಲ್ಲಿ ನಾನೇ ನೇರವಾಗಿ ಅರ್ಜಿ ಹಾಕಿದೆ. ಅಲ್ಲಿಂದ ಫೋನ್ ಬಂತು: ನಿಮ್ಮ ಪ್ರೊಫೈಲ್ ಆಗಲೇ ಇಂಥ ಏಜೆನ್ಸಿ ಮೂಲಕ ಬಂದಿದೆ, ನೇರ ಅರ್ಜಿ ತಗೊಳ್ಳೋಕೆ ಆಗಲ್ಲ. ನನ್ನನ್ನು ಕೇಳದೇ ಕಳಿಸಿದ್ದರು. ಏಜೆನ್ಸಿಗೆ ಫೋನ್ ಮಾಡಿದರೆ ನನ್ನ ಜೊತೆ ಮಾತಾಡಿದ ಹುಡುಗ ಕೆಲಸ ಬಿಟ್ಟು ಹೋಗಿದ್ದ. ಅಲ್ಲಿಗೆ ಮುಗಿಯಿತು.

ಬೀದರಿನ ನೇಮಕಾತಿ
ಇದಕ್ಕೇ ನಾನು ಮೊದಲು ಕೇಳಿದ್ದು, ಕಂಪನಿಯವರಾ ಏಜೆನ್ಸಿಯವರಾ ಅಂತ. ಯಾವ ಏಜೆನ್ಸಿ ಮೊದಲು ಹೆಸರು ಕಳಿಸುತ್ತೋ ಕಮಿಷನ್ ಅವರದು. ಎಷ್ಟೋ ಕಡೆ ಆ ಹಕ್ಕು ಆರು ತಿಂಗಳು, ಕೆಲವು ಕಡೆ ಒಂದು ವರ್ಷ ಇರುತ್ತೆ. ಅದಕ್ಕೇ ಅವರಿಗೆ ನೀವು ಈಗ ಬರುತ್ತೀರೋ ಇಲ್ಲವೋ ಮುಖ್ಯ ಅಲ್ಲ, ಹೆಸರು ದಾಖಲಾದರೆ ಸಾಕು. ಏಜೆನ್ಸಿಗೆ "ಈಗ ಆಗಲ್ಲ" ಅಂತ ಬರೆಯುವಾಗ ರೆಸ್ಯೂಮೆ ಜೋಡಿಸಬೇಡಿ. "ನಾನು ಬರಹದಲ್ಲಿ ಒಪ್ಪುವವರೆಗೆ ನನ್ನ ವಿವರ ಯಾವ ಕಂಪನಿಗೂ ಕಳಿಸಬೇಡಿ" ಅಂತ ಒಂದು ಸಾಲು ಹಾಕಿ. ಆಮೇಲೆ ಜಗಳ ಬಂದರೆ ಆ ಸಾಲೇ ನಿಮ್ಮ ಸಾಕ್ಷಿ.

ಒಳಗಿನ ಎಚ್‌ಆರ್ ಆದರೆ ಇಷ್ಟು ಭಯ ಬೇಡ.

ವಾಡಿ ಜಂಕ್ಷನ್
ಹೈದರಾಬಾದ್ ಅಂದರೆ ಎಲ್ಲಿ? ಊರು ದೊಡ್ಡದು. ಸೇಡಂನಿಂದ ತಾಂಡೂರು ದಾರಿಯಲ್ಲಿ ರೈಲು ಇದೆ, ವಾರಕ್ಕೊಮ್ಮೆ ಊರಿಗೆ ಬಂದು ಹೋಗಬಹುದು. ಆದರೆ ಲ್ಯಾಬ್ ಊರಿನ ಆ ಕಡೆ ತುದಿಯಲ್ಲಿದ್ದರೆ ಸ್ಟೇಷನ್‌ನಿಂದ ಮನೆಗೆ ಹೋಗುವುದೇ ಇನ್ನೊಂದು ಪ್ರಯಾಣ.

ತೊಗರಿಬೇಳೆ
ಅಲ್ಲಿ ಜೋಳದ ರೊಟ್ಟಿ ಸಿಗುತ್ತೆ, ಚಿಂತೆ ಇಲ್ಲ. ನಮ್ಮ ಕಡೆಯ ಎಣ್ಣೆಗಾಯಿ ಮಾತ್ರ ಸಿಗಲ್ಲ.

ವಾಡಿ ಜಂಕ್ಷನ್
ಸಿಗುತ್ತೆ. ಹೈದರಾಬಾದಿನಲ್ಲಿ ಕಲಬುರಗಿಯವರು ಕಡಿಮೆ ಇದ್ದಾರಾ?

ಲ್ಯಾಬ್ ಹುಡುಗಿ
ಊಟದ ಮಾತು ಆಮೇಲೆ! ಅಕ್ಕ, ಇದು ನೋಡಿ, ತಿದ್ದಿ ಬರೆದಿದ್ದೇನೆ:

"ಮೆಸೇಜ್‌ಗೆ ಥ್ಯಾಂಕ್ಸ್. ಹುದ್ದೆ ನನಗೆ ನಿಜವಾಗಿಯೂ ಇಷ್ಟವಾಗಿದೆ. ಆದರೆ ಮನೆಯಲ್ಲಿ ಮದುವೆ ಇರುವುದರಿಂದ ಮತ್ತು ಬೋನಸ್, ಗ್ರ್ಯಾಚುಟಿ ಬಾಕಿ ಇರುವುದರಿಂದ ಮೇ ತಿಂಗಳ ನಂತರ ಲಭ್ಯ ಇರುತ್ತೇನೆ. ದಯವಿಟ್ಟು ನನ್ನನ್ನು ಪರಿಗಣಿಸಿ."

ಬೀದರಿನ ನೇಮಕಾತಿ
ಮೊದಲಿನದಕ್ಕಿಂತ ಎಷ್ಟೋ ವಾಸಿ. ಆದರೆ ಇದರಲ್ಲಿ ದೊಡ್ಡ ತೊಡಕು "ಮೇ ನಂತರ" ಅನ್ನುವುದು. ನಿಮ್ಮ ತಲೆಯಲ್ಲಿ ಅದು ಮೇ 4ಕ್ಕೆ ರಾಜೀನಾಮೆ. ಓದುವವರ ತಲೆಯಲ್ಲಿ ಜೂನ್ 1ಕ್ಕೆ ಸೇರುತ್ತಾರೆ ಅಂತ. ಶೀಟಿನಲ್ಲಿ ಜೂನ್ 1 ಬಿತ್ತು, ಮ್ಯಾನೇಜರ್‌ಗೂ ಅದನ್ನೇ ಹೇಳಿದರು, ಮೂರು ಇಂಟರ್‌ವ್ಯೂ ಆದ ಮೇಲೆ ನೀವು ಆಗಸ್ಟ್ ಅಂದಿರಿ. ಆಗ ಯಾರೂ ನೀವು ಮೊದಲೇ ಹೇಳಿದ್ದಿರಿ ಅಂತ ನೆನೆಯಲ್ಲ. ಹುಡುಗಿ ಮಾತು ಬದಲಾಯಿಸಿದಳು ಅನ್ನುತ್ತಾರೆ. ನನ್ನ ಕಡೆ ಆಫರ್ ಮುರಿದು ಬೀಳುವುದು ಸಂಬಳಕ್ಕಿಂತ ಹೆಚ್ಚಾಗಿ ಇಂಥ ಗೊಂದಲಕ್ಕೆ. ನೋಟಿಸ್ ಎಲ್ಲ ಸೇರಿಸಿ, ಗೇಟ್ ಒಳಗೆ ಕಾಲಿಡುವ ತಾರೀಕು ಬರೆಯಿರಿ.

ಮದುವೆ ಮಾತು ತೆಗೆಯಿರಿ. ಯಾರ ಮದುವೆ?

ಲ್ಯಾಬ್ ಹುಡುಗಿ
ತಂಗಿಯದು.

ಬೀದರಿನ ನೇಮಕಾತಿ
ನೀವು ಬರೆದಿದ್ದು ಓದಿದರೆ ನಿಮ್ಮದೇ ಅನ್ನಿಸುತ್ತೆ. ಹುಡುಗಿ, ಮನೆಯಲ್ಲಿ ಮದುವೆ, ಬೇರೆ ಊರು. ಮ್ಯಾನೇಜರ್ ಮನಸ್ಸಿನಲ್ಲಿ ಒಂದು ಲೆಕ್ಕ ಓಡುತ್ತೆ, ಬಾಯಿಬಿಟ್ಟು ಹೇಳಲ್ಲ. ಹಾಗೆ ಆಗಬಾರದು, ಆದರೆ ಆಗುವುದನ್ನು ನಾನು ನೋಡಿದ್ದೇನೆ. ತಂಗಿ ಮದುವೆಗೆ ನಾಲ್ಕು ದಿನ ರಜೆ ಸಾಕು, ಅದು ನೋಟಿಸ್ ಒಳಗೇ ಬರುತ್ತೆ. ತಾರೀಕು ಹೇಳಿದ ಮೇಲೆ ಕಾರಣದ ಪಟ್ಟಿ ಯಾಕೆ?

ಸರಾಫ್ ಬಜಾರ್
ಬೋನಸ್ ಮತ್ತು ಗ್ರ್ಯಾಚುಟಿ ಮಾತ್ರ ಖಂಡಿತ ಬರೆಯಿರಿ. ಎಷ್ಟು ಕಳೆದುಕೊಳ್ಳುತ್ತೀರಿ ಅಂತ ಗೊತ್ತಾದರೆ ಅವರೇ ಜಾಯಿನಿಂಗ್ ಬೋನಸ್ ಕೊಟ್ಟು ಬೇಗ ಕರೆಸಿಕೊಳ್ಳುತ್ತಾರೆ. ಗ್ರ್ಯಾಚುಟಿ ಎಷ್ಟು ಬರುತ್ತೆ ನಿಮಗೆ?

ಲ್ಯಾಬ್ ಹುಡುಗಿ
ಬೇಸಿಕ್, ಡಿಎ ಸೇರಿ 32,000.

ಪಿಎಫ್ ಮಾವ
ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿದರೆ ವರ್ಷಕ್ಕೆ 18,461. ಐದು ವರ್ಷಕ್ಕೆ ಸುಮಾರು 92,300.

ಸರಾಫ್ ಬಜಾರ್
ನೋಡಿ! ತೊಂಬತ್ತೆರಡು ಸಾವಿರ ಒಂದು ಕಂಪನಿಗೆ ಯಾವ ಲೆಕ್ಕ? ಕೇಳಿಬಿಡಿ.

ಬೀದರಿನ ನೇಮಕಾತಿ
ಮೊದಲ ಮೆಸೇಜ್‌ನಲ್ಲಿ ಬೇಡ. ಅವರು ಇನ್ನೂ ನಿಮ್ಮ ಮುಖ ನೋಡಿಲ್ಲ, ಅಷ್ಟರಲ್ಲಿ ಬೆಲೆ ಹೇಳಿದ ಹಾಗೆ ಆಗುತ್ತೆ. ಇಂಟರ್‌ವ್ಯೂ ಆಗಿ, ಅವರಿಗೆ ನೀವೇ ಬೇಕು ಅನಿಸಿ, "ಜುಲೈಗೇ ಬರೋಕೆ ಆಗಲ್ವಾ" ಅಂತ ಅವರು ಕೇಳಿದಾಗ ಆ ಲೆಕ್ಕ ಮುಂದಿಡಿ.

ಸರಾಫ್ ಬಜಾರ್
ನನಗೆ ಒಪ್ಪಿಗೆ ಇಲ್ಲ. ವ್ಯಾಪಾರದಲ್ಲಿ ಮೊದಲೇ ಹೇಳಿದರೆ ಇಬ್ಬರ ಸಮಯವೂ ಉಳಿಯುತ್ತೆ. ಕೊಡಲ್ಲ ಅಂದರೆ ಅಲ್ಲಿಗೇ ಬಿಡುವುದು.

ಪಿಎಫ್ ಮಾವ
ಇನ್ನೊಂದು. ಜಾಯಿನಿಂಗ್ ಬೋನಸ್ ಸಂಬಳದ ಹಾಗೆ ತೆರಿಗೆ ಲೆಕ್ಕಕ್ಕೆ ಬರುತ್ತೆ, ಜೊತೆಗೆ ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅಂತ ಸಾಮಾನ್ಯವಾಗಿ ಷರತ್ತು ಇರುತ್ತೆ. ಗ್ರ್ಯಾಚುಟಿ ಹಾಗಲ್ಲ. ಎರಡೂ ಒಂದೇ 92,300 ಅಂದುಕೊಳ್ಳಬೇಡಿ.

ಬಿಸಿಲೂರು
ನಾನು ಮೊದಲೇ ಹೇಳಿದ್ದು ಮತ್ತೆ ಹೇಳುತ್ತೇನೆ. ತಾರೀಕು ಗೀರೀಕು ಏನೂ ಹೇಳಬೇಡಿ, ಇಂಟರ್‌ವ್ಯೂ ಕೊಡಿ. ಆಫರ್ ಕೈಗೆ ಬಂದ ಮೇಲೆ ತಾರೀಕು ಮಾತಾಡಿ. ಆಗ ಅವರೂ ಖರ್ಚು ಮಾಡಿರುತ್ತಾರೆ, ಬಿಡಲ್ಲ.

ಬೀದರಿನ ನೇಮಕಾತಿ
ಕೆಲವು ಸಲ ನಡೆಯುತ್ತೆ, ಇಲ್ಲ ಅನ್ನಲ್ಲ. ಆದರೆ ಮೊದಲ ಫೋನಿನಲ್ಲೇ ನಾವು ನೋಟಿಸ್ ಕೇಳುತ್ತೇವೆ. ಆಗ ಏನು ಹೇಳುತ್ತೀರಿ? 90 ದಿನ ಅಂದರೆ ಅರ್ಧ ಸತ್ಯ, ಯಾಕೆಂದರೆ ನೀವು ಏಪ್ರಿಲ್‌ನಲ್ಲಿ ಆಫರ್ ಇಟ್ಟುಕೊಂಡು ಒಂದು ತಿಂಗಳು ಸುಮ್ನೆ ಕೂರುತ್ತೀರಿ. ಆಫರ್ ಲೆಟರ್‌ನಲ್ಲಿ ಸೇರುವ ತಾರೀಕು ಅಚ್ಚಾಗಿರುತ್ತೆ. ಆ ದಿನ ಬರದಿದ್ದರೆ ಆಫರ್ ರದ್ದು ಅಂತಲೂ ಬರೆದಿರುತ್ತಾರೆ. ಆಗಸ್ಟ್ 3 ಅಂತ ಲೆಟರ್‌ನಲ್ಲೇ ಬರಬೇಕು ಅಂದರೆ ಮೊದಲಿಂದ ಆಗಸ್ಟ್ 3 ಅನ್ನುತ್ತಿರಬೇಕು.

ಆ ಲೆಟರ್ ಕೈಗೆ ಬರುವವರೆಗೆ ರಾಜೀನಾಮೆ ಬೇಡ. "ಆಫರ್ ಆಯ್ತು, ಕಳಿಸುತ್ತೇವೆ" ಅಂತ ಫೋನಿನಲ್ಲಿ ಹೇಳಿದರೂ ಬೇಡ.

ಕಡೇಚೂರು ನೈಟ್ ಶಿಫ್ಟ್
ಮಾವ, ಒಂದು ಡೌಟು. ಮೇ 4ಕ್ಕೆ ರಾಜೀನಾಮೆ ಕೊಟ್ಟ ಕೂಡಲೇ ಕಂಪನಿಯವರು ಸಿಟ್ಟಿಗೆ "ನಾಳೆಯಿಂದ ಬರಬೇಡ" ಅಂದರೆ? ನಮ್ಮಲ್ಲಿ ಒಬ್ಬನಿಗೆ ಹಾಗೇ ಆಯಿತು.

ಪಿಎಫ್ ಮಾವ
ಒಳ್ಳೆ ಪ್ರಶ್ನೆ. ಅದೇ ಇದರಲ್ಲಿ ಅಪಾಯ. ಕೊನೆಯ ದಿನ ಹಿಂದಕ್ಕೆ ಸರಿದರೆ ಐದು ವರ್ಷ ತುಂಬಲ್ಲ. ಅದಕ್ಕೆ ರಾಜೀನಾಮೆ ಪತ್ರದಲ್ಲಿ "ನೋಟಿಸ್ ಪೂರ್ತಿ ಮುಗಿಸುತ್ತೇನೆ, ಕೊನೆಯ ದಿನ 2026ರ ಆಗಸ್ಟ್ 2" ಅಂತ ತಾರೀಕು ಸಮೇತ ಬರೆಯಬೇಕು. ಬೇಗ ಬಿಡುಗಡೆ ಮಾಡಿ ಅಂತ ಬಾಯಲ್ಲೂ ಕೇಳಬಾರದು. ಕೇಳಿದರೆ ಅದೇ ಅವರಿಗೆ ದಾರಿ.

ನಾಲ್ಕು ವರ್ಷ ಮುಗಿದು ಐದನೇ ವರ್ಷದಲ್ಲಿ 240 ದಿನ ದುಡಿದರೆ ಐದು ವರ್ಷ ಅಂತಲೇ ಲೆಕ್ಕ ಅನ್ನುವ ಮದ್ರಾಸ್ ಹೈಕೋರ್ಟ್ ತೀರ್ಪು ಇದೆ. ಈ ಹುಡುಗಿಗೆ ಮೇ ಹೊತ್ತಿಗೆ ಆ 240 ದಿನ ಆಗಿರಬಹುದು. ಕೆಲವು ಕಂಪನಿ ಅದನ್ನು ನೋಡಿ ಕೊಡುತ್ತವೆ. ಕೆಲವು ಕೊಡಲ್ಲ, ಕಾರ್ಮಿಕ ಇಲಾಖೆಗೆ ಓಡಾಡಬೇಕು. ಅದನ್ನು ನಂಬಿ ಯೋಜನೆ ಹಾಕಬೇಡಿ, ಕಷ್ಟಕ್ಕೆ ಬಂದರೆ ಹಿಡಿದುಕೊಳ್ಳಲು ಇರಲಿ.

ಬೀದರಿನ ನೇಮಕಾತಿ
ಈಗ ಕರಡು. ಇಂಗ್ಲಿಷಿಗೆ ನೀವೇ ಹಾಕಿಕೊಳ್ಳಿ:

"ಮೆಸೇಜ್‌ಗೆ ಥ್ಯಾಂಕ್ಸ್. ಎಲ್‌ಸಿ3 ಮಿಶ್ರಣಗಳ ಪರೀಕ್ಷೆಯ ಕೆಲಸ ನನಗೆ ಇಷ್ಟ. ಈಗ ಕ್ಲಿಂಕರ್ ಮತ್ತು ಸಿಮೆಂಟ್‌ನ ಎಕ್ಸ್‌ಆರ್‌ಎಫ್, ಫ್ರೀ ಲೈಮ್, ಕ್ಯೂಬ್ ಪರೀಕ್ಷೆ ನೋಡಿಕೊಳ್ಳುತ್ತೇನೆ. ನೋಟಿಸ್ ಸೇರಿಸಿ ನಾನು ಸೇರಬಹುದಾದ ಮೊದಲ ದಿನ 2026ರ ಆಗಸ್ಟ್ 3. ಈ ಹುದ್ದೆಗೆ ಅದು ಹೊಂದುತ್ತದೆಯೇ? ಹೊಂದಿದರೆ ಈ ವಾರವೇ ಮಾತಾಡಬಹುದು. ಹೊಂದದಿದ್ದರೆ, ಇದೇ ಲ್ಯಾಬ್‌ನಲ್ಲಿ ಆಗಸ್ಟ್ ಆಸುಪಾಸು ಹುದ್ದೆ ಬಂದರೆ ತಿಳಿಸಿ. ನಾನೂ ಮೇ ಮೊದಲ ವಾರ ನಿಮಗೆ ಒಂದು ಮೆಸೇಜ್ ಹಾಕುತ್ತೇನೆ."

ಕೊನೆಯ ಸಾಲು ಬರೆದರೆ ಹಾಕಲೇಬೇಕು. ಹತ್ತು ಜನ ಬರೆಯುತ್ತಾರೆ, ಹಾಕುವವರು ಯಾರೂ ಇಲ್ಲ. ಹಾಕಿದವರ ಹೆಸರು ನನಗೆ ಶೀಟ್ ನೋಡದೆಯೂ ನೆನಪಿರುತ್ತೆ.

ವಾಡಿ ಜಂಕ್ಷನ್
ಲಿಂಕ್ಡ್‌ಇನ್‌ನಲ್ಲಿ ಬೇಡ ಅನ್ನುವ ಬಟನ್ ಇರುತ್ತಲ್ಲ, ಅದನ್ನು ಒತ್ತಿದರೆ ಆಗಲ್ವಾ? ಇಷ್ಟೆಲ್ಲಾ ಬರೆಯಬೇಕಾ?

ಬೀದರಿನ ನೇಮಕಾತಿ
ಬಟನ್ ಒತ್ತಿದರೆ ಬೇಡ ಅನ್ನುವುದು ಮಾತ್ರ ಹೋಗುತ್ತೆ. ಯಾಕೆ, ಯಾವಾಗ ಬೇಕು, ಏನೂ ಹೋಗಲ್ಲ.

ಹುಮನಾಬಾದ್ ದಾರಿ
ನಾನಾದರೆ "ಹೊಂದಿದರೆ ಈ ವಾರವೇ ಮಾತಾಡಬಹುದು" ತೆಗೆಯುತ್ತಿದ್ದೆ. ತುಂಬ ಆತುರ ಕಾಣಿಸುತ್ತೆ.

ಬೀದರಿನ ನೇಮಕಾತಿ
ಇರಲಿ ಬಿಡಿ. ತಾರೀಕು ಆಗಸ್ಟ್ ಅಂತ ಹೇಳಿದವರಿಗೆ ಆತುರ ಅಂತ ಯಾರೂ ಅನ್ನಲ್ಲ.

ಲ್ಯಾಬ್ ಹುಡುಗಿ
ಕಳಿಸಿದೆ! ಬೆಳಗ್ಗೆ ಶಿಫ್ಟ್‌ಗೆ ಹೋಗುವ ಬಸ್ಸಿನಲ್ಲೇ. ಹುಮನಾಬಾದ್ ಅಣ್ಣ ತೆಗೆಯಬೇಕು ಅಂದ ಸಾಲು ಇಟ್ಟುಕೊಂಡೇ ಕಳಿಸಿದೆ.

ತೊಗರಿಬೇಳೆ
ನಾಳೆ ಉತ್ತರ ಬರದಿದ್ದರೆ ನನ್ನನ್ನು ನೆನೆಸಿಕೊಳ್ಳಿ.

ಲ್ಯಾಬ್ ಹುಡುಗಿ
ಮಧ್ಯಾಹ್ನವೇ ಬಂತು ತೊಗರಿಬೇಳೆ ಅಣ್ಣಾ. 😊 ಆದರೆ ಹೊಸ ತಲೆನೋವು. ಹುದ್ದೆ ಜೂನ್ 15ರೊಳಗೆ ತುಂಬಬೇಕಂತೆ. ಮ್ಯಾನೇಜರ್‌ಗೆ ನನ್ನ ಕೆಲಸದ ವಿವರ ಹಿಡಿಸಿದೆಯಂತೆ. "ಬೈಔಟ್‌ಗೆ ಅವಕಾಶ ಇದೆಯೇ? ಶನಿವಾರ ಇಪ್ಪತ್ತು ನಿಮಿಷ ಮಾತಾಡಬಹುದೇ?" ಅಂತ ಕೇಳಿದ್ದಾರೆ.

ಪಿಎಫ್ ಮಾವ
ಮೇ 4ರಿಂದ ಜೂನ್ 14ಕ್ಕೆ 41 ದಿನ. ಬೈಔಟ್ ಅಂದರೆ ಉಳಿದ 49 ದಿನದ ನೋಟಿಸ್ ಬದಲು ಅಷ್ಟು ದಿನದ ಸಂಬಳ ಈಗಿನ ಕಂಪನಿಗೆ ಕಟ್ಟಬೇಕು. ಕಟ್ಟಿದರೂ ಈಗಿನ ಕಂಪನಿ ಒಪ್ಪಬೇಕು. ಎಷ್ಟೋ ಲೆಟರ್‌ನಲ್ಲಿ "ಆಡಳಿತದ ವಿವೇಚನೆಗೆ ಬಿಟ್ಟದ್ದು" ಅಂತ ಇರುತ್ತೆ, ನಿಮ್ಮದು ತೆಗೆದು ನೋಡಿ. ಐದು ವರ್ಷಕ್ಕೆ ಒಂದು ತಿಂಗಳು ಚಿಲ್ಲರೆ ಕಡಿಮೆ ಬೀಳುತ್ತೆ, ಆಗ ಆ 240 ದಿನದ ಜಗಳ. ನನ್ನ ಮಾತು ಕೇಳಿದರೆ ಬೇಡ.

ಸರಾಫ್ ಬಜಾರ್
ಈಗ ಅವರೇ ಬೈಔಟ್ ಮಾತು ಎತ್ತಿದ್ದಾರೆ. ಅಂದರೆ ಕೊಡುವವರು. ಬೈಔಟ್ ಹಣ, ಗ್ರ್ಯಾಚುಟಿಯ ನಷ್ಟ, ಎರಡೂ ಕೇಳಿ. ತೆರಿಗೆ ಹೋಗುವುದನ್ನೂ ಸೇರಿಸಿ ಕೇಳಿ.

ಬಿಸಿಲೂರು
ಸರಾಫ್ ಹೇಳಿದ್ದು ಸರಿ. 92,000ಕ್ಕೆ ಇಷ್ಟಪಟ್ಟ ಕೆಲಸ ಬಿಡುತ್ತಾರಾ? ಹೊಸ ಸಂಬಳದಲ್ಲಿ ತಿಂಗಳಿಗೆ ಹದಿನೈದು ಸಾವಿರ ಜಾಸ್ತಿ ಬಂದರೆ ಆರು ತಿಂಗಳಲ್ಲಿ ಅದು ತುಂಬಿಬಿಡುತ್ತೆ.

ಪಿಎಫ್ ಮಾವ
ಜಾಸ್ತಿ ಬಂದರೆ. ಸಂಬಳದ ಮಾತೇ ಇನ್ನೂ ಆಗಿಲ್ಲ.

ಬೀದರಿನ ನೇಮಕಾತಿ
ಶನಿವಾರ ಮಾತಾಡಿ. ಬೈಔಟ್‌ಗೆ ಹೂಂ, ಊಹೂಂ ಎರಡೂ ಈಗ ಬೇಡ. "ಲೆಟರ್ ನೋಡಿ ಹೇಳುತ್ತೇನೆ, ಸದ್ಯಕ್ಕೆ ಆಗಸ್ಟ್ 3 ಅಂತಲೇ ಇಟ್ಟುಕೊಳ್ಳಿ" ಅನ್ನಿ. ಜೂನ್ 15 ಅನ್ನುವುದು ಯಾಕೆ ಅಂತ ಮ್ಯಾನೇಜರ್‌ನನ್ನೇ ಕೇಳಿ. ಹೊಸ ಮಷಿನ್ ಬರುವುದಿದ್ದರೆ, ಯಾರಾದರೂ ಬಿಟ್ಟು ಹೋಗುತ್ತಿದ್ದರೆ ಆ ತಾರೀಕು ಗಟ್ಟಿ. ಬಜೆಟ್ ಶೀಟಿನಲ್ಲಿ ಮೊದಲ ಮೂರು ತಿಂಗಳು ಅಂತ ಹಾಕಿದ ತಾರೀಕಾದರೆ ಸರಿಯುತ್ತೆ. ನನ್ನ ಹುದ್ದೆಗಳಲ್ಲಿ ಎಷ್ಟೋ ಹಾಗೇ ಸರಿದಿವೆ. ಎಲ್ಲವೂ ಅಲ್ಲ.

ಕಡೇಚೂರು ನೈಟ್ ಶಿಫ್ಟ್
ಶನಿವಾರದ ಕಾಲ್ ಲ್ಯಾಬ್‌ನಿಂದ ತಗೋಬೇಡಿ. ನಮ್ಮಲ್ಲಿ ಒಬ್ಬರು ಕ್ಯಾಂಟೀನ್ ಹಿಂದೆ ನಿಂತು ಮಾತಾಡಿದ್ದು ಸಂಜೆಗೆ ಪ್ಲಾಂಟ್ ಹೆಡ್‌ವರೆಗೂ ಹೋಗಿತ್ತು.

ಲ್ಯಾಬ್ ಹುಡುಗಿ
ಶನಿವಾರ ನನಗೆ ಎರಡನೇ ಶಿಫ್ಟ್. ಕಾಲ್ ಬೆಳಗ್ಗೆ ಹನ್ನೊಂದಕ್ಕೆ ಇಡಿ ಅಂತ ಬರೆಯುತ್ತೇನೆ. ಅಪಾಯಿಂಟ್‌ಮೆಂಟ್ ಲೆಟರ್ ಅಲಮಾರಿಯಲ್ಲಿ ಎಲ್ಲೋ ಇದೆ, ರಾತ್ರಿ ಹುಡುಕಿ ಆ ಬೈಔಟ್ ಸಾಲು ಇಲ್ಲೇ ಹಾಕುತ್ತೇನೆ ಮಾವ.

ಶಹಾಬಾದ್ ಕಲ್ಲು
ಹಾಗಾದರೆ ನನ್ನ ರಾಜೀನಾಮೆ ಲೆಟರ್ ಮಾದರಿ ಬೇಕಾಗುತ್ತೆ ತಂಗಿ. ಹಾಕಲಾ?

ಪಿಎಫ್ ಮಾವ
ಮೇ 4ಕ್ಕೆ ಹಾಕಪ್ಪಾ.